ಹೋಟೆಲ್ ಮೆಂಬರ್‌ಶಿಪ್ ಬಿಡುವ ಮುಂಚೆ: ಏನು ಹೋಗುತ್ತದೆ, ಏನು ಉಳಿಯುತ್ತದೆ

ದೊಡ್ಡ ಹೋಟೆಲ್ಲಿನ ಮೆಂಬರ್‌ಶಿಪ್ ಬೆಂಗಳೂರಿನವರಿಗೆ ಮಾತ್ರ ಅಂತ ಒಂದು ಕಾಲದಲ್ಲಿ ಅಂದುಕೊಂಡಿದ್ದೆವು. ಈಗ ಹಾಗಿಲ್ಲ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇದ್ದಾರೆ. ಸೋಗಾನೆಯ ಕುವೆಂಪು ವಿಮಾನ ನಿಲ್ದಾಣದಿಂದ 2023ರ ಆಗಸ್ಟ್ ಕೊನೆಗೆ ವಿಮಾನ ಓಡಾಡಲು ಶುರುವಾದ ಮೇಲೆ ಅಪ್ಪ-ಅಮ್ಮಂದಿರ ಓಡಾಟವೂ ಜಾಸ್ತಿಯಾಗಿದೆ. ಓಡಾಟ ಇದ್ದಲ್ಲಿ ಫೋನೂ ಬರುತ್ತದೆ: "ಸರ್, ನಿಮಗೆ ಎರಡು ರಾತ್ರಿ ಫ್ರೀ, ಊಟಕ್ಕೆ ಡಿಸ್ಕೌಂಟ್, ವರ್ಷಕ್ಕೆ ಇಷ್ಟೇ." ಮೊದಲ ವರ್ಷ ಖುಷಿಯಿಂದ ಸೇರುತ್ತೇವೆ. ಎರಡನೇ ವರ್ಷದ ದುಡ್ಡು ತಾನಾಗಿ ಕಟ್ ಆದಾಗ ತಲೆ ಕೆರೆದುಕೊಳ್ಳುತ್ತೇವೆ.

ಈ ಲೇಖನ ಆ ಎರಡನೇ ವರ್ಷದ ಬಗ್ಗೆ. ಮೆಂಬರ್‌ಶಿಪ್ ಬಿಟ್ಟರೆ ಕೈಯಲ್ಲಿರುವ ವೋಚರ್, ಪಾಯಿಂಟ್, ಮುಂದಿನ ತಿಂಗಳಿಗೆ ಮಾಡಿಟ್ಟ ಬುಕಿಂಗ್ ಎಲ್ಲ ಏನಾಗುತ್ತವೆ? ಯಾವ ದಿನ, ಯಾವ ಕ್ರಮದಲ್ಲಿ ಬಿಟ್ಟರೆ ನಷ್ಟ ಕಡಿಮೆ? ಹೋಟೆಲ್ ಮೆಂಬರ್‌ಶಿಪ್ಪನ್ನೇ ಮುಖ್ಯವಾಗಿ ಹಿಡಿದು ಹೇಳುತ್ತೇನೆ. ನಮ್ಮ ಕಡೆ ಹೆಚ್ಚು ಓಡುವುದು ಅದೇ.

ವಿಮಾನದ ಮಾತು ಮೊದಲೇ ಮುಗಿಸಿಬಿಡೋಣ. ಏರ್ ಇಂಡಿಯಾದ ಮಹಾರಾಜ ಕ್ಲಬ್, ಇಂಡಿಗೋದ ಬ್ಲೂಚಿಪ್ ಇವಕ್ಕೆ ಸೇರಲು ದುಡ್ಡು ಕೊಡಬೇಕಾಗಿಲ್ಲ. ಹಾಗಾಗಿ ಬಿಡುವ ಪ್ರಶ್ನೆಯೂ ಇಲ್ಲ, ಖಾತೆ ಸುಮ್ನೆ ಇರಲಿ. ವರ್ಷಕ್ಕಿಷ್ಟು ಅಂತ ದುಡ್ಡು ತೆಗೆದುಕೊಳ್ಳುವ ವಿಮಾನ ಕ್ಲಬ್‌ಗಳು ಹೆಚ್ಚಾಗಿ ಹೊರದೇಶದ ಅಗ್ಗದ ವಿಮಾನ ಕಂಪನಿಗಳವು. ಅಂಥ ಕ್ಲಬ್ಬನ್ನು ಕಂಪನಿಯೇ ಮುಚ್ಚುವುದೂ ಉಂಟು. ಯುರೋಪಿನ ರಯಾನ್‌ಏರ್ 2025ರ ಮಾರ್ಚ್‌ನಲ್ಲಿ 79 ಯೂರೋಗೆ ಒಂದು ವರ್ಷದ ಕ್ಲಬ್ ಶುರುಮಾಡಿ, ಅದೇ ನವೆಂಬರ್‌ನಲ್ಲಿ ಹೊಸಬರನ್ನು ಸೇರಿಸುವುದು ನಿಲ್ಲಿಸಿತು. ಮೆಂಬರುಗಳು ಕಟ್ಟಿದ್ದಕ್ಕಿಂತ ಅವರಿಗೆ ಸಿಕ್ಕ ರಿಯಾಯಿತಿಯೇ ಜಾಸ್ತಿಯಾಗಿತ್ತಂತೆ! ಆಗಲೇ ಸೇರಿದ್ದವರಿಗೆ ಮಾತ್ರ ಅವರ ಹನ್ನೆರಡು ತಿಂಗಳು ಮುಗಿಯುವವರೆಗೆ ಸೌಲಭ್ಯ ಉಳಿಸಿಕೊಟ್ಟರು. ಕಟ್ಟಿದ ಅವಧಿಯವರೆಗೆ ಸೌಲಭ್ಯ ನಿಮ್ಮದು, ಅದರಾಚೆ ಯಾವ ಹಕ್ಕೂ ಇಲ್ಲ. ಹೋಟೆಲ್ ಮೆಂಬರ್‌ಶಿಪ್ಪಿಗೂ ಇದೇ ನಿಯಮ.

ಮೊದಲು ಮೂರು ತಾರೀಕು ಬರೆದುಕೊಳ್ಳಿ

ಸೇರಿದಾಗ ಬಂದ ಇಮೇಲ್ ಹುಡುಕಿ. ಆ್ಯಪ್ ಇದ್ದರೆ ಅದನ್ನೂ ತೆರೆಯಿರಿ. ಒಂದು ಹಾಳೆ ಮೇಲೆ ಮೂರು ತಾರೀಕು ಬರೆಯಿರಿ.

ಒಂದು, ಮೆಂಬರ್‌ಶಿಪ್ ಮುಗಿಯುವ ದಿನ. ಎರಡು, ಮುಂದಿನ ವರ್ಷದ ದುಡ್ಡು ಕಟ್ ಆಗುವ ದಿನ. ಮೂರು, ಪ್ರತಿ ವೋಚರಿನ ಕೊನೆಯ ದಿನ.

ಮೂರೂ ಒಂದೇ ದಿನ ಅಂತ ನಾವು ಅಂದುಕೊಂಡಿರುತ್ತೇವೆ. ಬಹಳ ಸಲ ಹಾಗಿರುವುದಿಲ್ಲ. ಮೆಂಬರ್‌ಶಿಪ್ ನವೆಂಬರ್ 14ಕ್ಕೆ ಮುಗಿಯುತ್ತದೆ ಅನ್ನೋಣ. ದುಡ್ಡು ಅದಕ್ಕೂ ವಾರಗಟ್ಟಲೆ ಮೊದಲೇ ಕಟ್ ಆಗಬಹುದು. "ಇನ್ನೂ ಟೈಮ್ ಇದೆಯಲ್ಲ" ಅಂತ ನವೆಂಬರ್ ಮೊದಲ ವಾರ ಆ್ಯಪ್ ತೆರೆದವರಿಗೆ ಮುಂದಿನ ವರ್ಷದ ರಸೀದಿ ಕಾಣಿಸುತ್ತದೆ. ವೋಚರ್ ಕಥೆ ಬೇರೆ. ಕೆಲವಕ್ಕೆ ಕೊಟ್ಟ ದಿನದಿಂದ ಆರು ತಿಂಗಳು ಮಾತ್ರ. ಕೆಲವು ಮೆಂಬರ್‌ಶಿಪ್ ಜೊತೆಗೇ ಸಾಯುತ್ತವೆ. ಬುಕ್ ಮಾಡಿದ ದಿನ ವೋಚರ್ ಜೀವಂತ ಇದ್ದರೆ ಸಾಕೋ, ಉಳಿಯುವ ದಿನವೂ ಇರಬೇಕೋ ಅನ್ನುವುದನ್ನೂ ಅಲ್ಲೇ ಓದಿ. ಸಾಮಾನ್ಯವಾಗಿ ಉಳಿಯುವ ದಿನವೂ ಇರಬೇಕು.

ನಮ್ಮ ಮಲೆನಾಡಿನವರಿಗೆ ಇಲ್ಲೊಂದು ವಿಶೇಷ ತಾಪತ್ರಯ ಇದೆ. ನಮಗೆ ಬಿಡುವು ಇರುವ ದಿನಗಳೇ ಹೋಟೆಲ್ಲಿನವರು ವೋಚರ್ ಒಪ್ಪದ ಬ್ಲ್ಯಾಕ್‌ಔಟ್ ದಿನಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮನೆ ಬಿಟ್ಟು ಹೊರಡುವವರು ಕಡಿಮೆ. ಕೊನೆ ಕೊಯ್ಲು, ಅಡಿಕೆ ಸುಲಿತ ಶುರುವಾದರೆ ತೋಟ ಇರುವವರು ತಿಂಗಳುಗಟ್ಟಲೆ ಅಲ್ಲಾಡುವ ಹಾಗಿಲ್ಲ. ಉಳಿದದ್ದು ದಸರಾ ರಜೆ, ಡಿಸೆಂಬರ್ ಕೊನೆ, ಏಪ್ರಿಲ್-ಮೇ. ಆಗ ಎಲ್ಲರಿಗೂ ರಜೆ, ಹೋಟೆಲ್ ತಾನಾಗಿಯೇ ತುಂಬುತ್ತದೆ. ಫ್ರೀ ರೂಮು ಯಾಕೆ ಕೊಡುತ್ತಾರೆ? ಹಾಗಾಗಿ ವೋಚರಿನ ಕೊನೆಯ ದಿನದ ಪಕ್ಕದಲ್ಲಿ ನಿಮಗೆ ನಿಜವಾಗಿ ಹೋಗಲು ಆಗುವ ವಾರಗಳನ್ನೂ ಬರೆಯಿರಿ. ಹನ್ನೆರಡು ತಿಂಗಳ ವೋಚರ್ ನಿಮ್ಮ ಪಾಲಿಗೆ ಎರಡು ತಿಂಗಳ ವೋಚರ್ ಆಗಿರಬಹುದು.

ನವೀಕರಣ ನಿಲ್ಲಿಸುವುದು ಬೇರೆ, ರದ್ದು ಮಾಡುವುದು ಬೇರೆ

ಬಹಳ ಜನ ಎಡವುವುದು ಇಲ್ಲೇ. "ನನ್ನ ಮೆಂಬರ್‌ಶಿಪ್ ಕ್ಯಾನ್ಸಲ್ ಮಾಡಿ" ಅಂತ ಕಸ್ಟಮರ್ ಕೇರ್‌ಗೆ ಬರೆದರೆ ಅವರು ಅದನ್ನು ಹಾಗೇ ಮಾಡಬಹುದು: ಅವತ್ತಿನಿಂದಲೇ ಮೆಂಬರ್‌ಶಿಪ್ ಬಂದ್. ಕಾರ್ಡಿನಲ್ಲಿದ್ದ ವೋಚರ್ ಎಲ್ಲ ಮಾಯ. ಉಳಿದ ನಾಲ್ಕು ತಿಂಗಳ ದುಡ್ಡು ವಾಪಸ್ ಬರುತ್ತದಾ? ಸಾಮಾನ್ಯವಾಗಿ ಇಲ್ಲ. ಒಂದೇ ಒಂದು ವೋಚರ್ ಬಳಸಿದ್ದರೂ ರೀಫಂಡ್ ಇಲ್ಲ ಅಂತ ಹೆಚ್ಚಿನ ಕಡೆ ನಿಯಮದಲ್ಲೇ ಬರೆದಿರುತ್ತಾರೆ.

ನಿಮಗೆ ಬೇಕಿರುವುದು ಅದಲ್ಲ. ಈ ವರ್ಷದ ಅವಧಿ ಪೂರ್ತಿ ಓಡಲಿ, ಮುಂದಿನ ವರ್ಷದ್ದು ಮಾತ್ರ ಬೇಡ. ಅದಕ್ಕೆ ಆ್ಯಪಿನಲ್ಲಿ ಆಟೋ ರಿನ್ಯೂವಲ್ ಅಂತ ಒಂದು ಗುಂಡಿ ಇದ್ದರೆ ಅದನ್ನು ಆಫ್ ಮಾಡಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಗುಂಡಿ ಇಲ್ಲದಿದ್ದರೆ ಇಮೇಲ್ ಮಾಡಿ. ಫೋನ್ ಮಾಡಿದರೂ ಪರವಾಗಿಲ್ಲ, ಆದರೆ ಅದರ ಹಿಂದೆಯೇ ಇಮೇಲ್ ಹೋಗಲಿ. ಇಮೇಲಿನಲ್ಲಿ ಇಷ್ಟು ಇರಬೇಕು: ಮೆಂಬರ್‌ಶಿಪ್ ಸಂಖ್ಯೆ, ಇಂಥ ತಾರೀಕಿಗೆ ಮುಗಿಯುವ ಅವಧಿಯ ನಂತರ ನವೀಕರಣ ಬೇಡ, ಅಲ್ಲಿಯವರೆಗೆ ಈಗಿನ ಸೌಲಭ್ಯಗಳು ಮುಂದುವರಿಯಬೇಕು, ನನ್ನ ಕಾರ್ಡಿನಿಂದ ಮುಂದೆ ದುಡ್ಡು ತೆಗೆಯಲು ಕೊಟ್ಟಿದ್ದ ಒಪ್ಪಿಗೆಯನ್ನು ಹಿಂಪಡೆದಿದ್ದೇನೆ, ಇದನ್ನು ಬರಹದಲ್ಲಿ ಖಚಿತಪಡಿಸಿ. ಬೇಸರ, ಸಿಟ್ಟು, ಹಿಂದಿನ ಕಥೆ ಏನೂ ಬೇಡ.

ಇನ್ನೊಂದು ಎಚ್ಚರಿಕೆ. "ಅಕೌಂಟ್ ಡಿಲೀಟ್ ಮಾಡಿ" ಅಂತ ಮಾತ್ರ ಯಾವತ್ತೂ ಬರೆಯಬೇಡಿ. ದುಡ್ಡು ಕೊಟ್ಟ ಕ್ಲಬ್ಬು ಒಂದು, ಅದೇ ಹೋಟೆಲ್ ಗುಂಪಿನ ಉಚಿತ ಪಾಯಿಂಟ್ ಖಾತೆ ಇನ್ನೊಂದು. ಎರಡಕ್ಕೂ ಒಂದೇ ಇಮೇಲ್ ಐಡಿ ಇರುವುದರಿಂದ ಗೊಂದಲ ಆಗುತ್ತದೆ. ಖಾತೆಯನ್ನೇ ಅಳಿಸಿದರೆ ವರ್ಷಗಟ್ಟಲೆ ಕೂಡಿಟ್ಟ ಪಾಯಿಂಟೂ ಹೋಗುತ್ತದೆ.

ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ

ಅವಧಿ ಮುಗಿದ ಮರುದಿನ ಏನಾಗುತ್ತದೆ ಅನ್ನುವುದು ಸೌಲಭ್ಯದ ಜಾತಿಯ ಮೇಲೆ ಹೋಗುತ್ತದೆ.

ವೋಚರ್‌ಗಳು ಮೊದಲು ಹೋಗುತ್ತವೆ. ಫ್ರೀ ರಾತ್ರಿ, ಊಟದ ಕೂಪನ್, ಹುಟ್ಟುಹಬ್ಬದ ಕೇಕು, ಸ್ಪಾ ರಿಯಾಯಿತಿ ಎಲ್ಲ ಕ್ಲಬ್ಬು ಕೊಟ್ಟ ಉಡುಗೊರೆ. ಅವಕ್ಕೆ ನಗದು ಬೆಲೆ ಇಲ್ಲ. "ಬಳಸಿಲ್ಲ, ದುಡ್ಡು ಕೊಡಿ" ಅಂದರೆ ಕೊಡುವುದಿಲ್ಲ. ಮನೆಯವರ ಹೆಸರಲ್ಲಿ ಎರಡನೇ ಕಾರ್ಡ್ ಕೊಟ್ಟಿದ್ದರೆ ಅದೂ ಅದೇ ದಿನ ನಿಲ್ಲುತ್ತದೆ. ಕೆಲವು ವೋಚರ್‌ಗಳನ್ನು ನೆಂಟರಿಗೋ ಸ್ನೇಹಿತರಿಗೋ ಕೊಡಲು ಅವಕಾಶ ಇರುತ್ತದೆ. ನಿಮಗೆ ಹೋಗಲು ಆಗದಿದ್ದರೆ ಬೆಂಗಳೂರಿನಲ್ಲಿರುವ ಮಕ್ಕಳಿಗೆ ಕೊಟ್ಟುಬಿಡಿ, ಅವರಾದರೂ ಒಂದು ದಿನ ಉಂಡು ಬರಲಿ. ಮೆಂಬರ್ ಜೊತೆಗೇ ಇರಬೇಕು ಅನ್ನುವ ಶರತ್ತು ಇದೆಯಾ ಅಂತ ಮಾತ್ರ ನೋಡಿ.

ಊಟದ ಬಿಲ್ಲಿನ ಮೇಲಿನ ರಿಯಾಯಿತಿ ಅವಧಿಯ ಕೊನೆಯ ರಾತ್ರಿಯವರೆಗೆ ನಡೆಯುತ್ತದೆ, ಮರುದಿನ ಇಲ್ಲ. ಇದರಲ್ಲಿ ಗೊಂದಲ ಏನಿಲ್ಲ.

ಗೊಂದಲ ಇರುವುದು ಮೆಂಬರ್ ದರದಲ್ಲಿ ಮೊದಲೇ ಮಾಡಿಟ್ಟ ರೂಮ್ ಬುಕಿಂಗ್‌ನಲ್ಲಿ. ನೀವು ಮೆಂಬರ್ ಆಗಿದ್ದಾಗ ಬುಕ್ ಮಾಡಿದ್ದೀರಿ, ಆದರೆ ಉಳಿಯುವ ದಿನಕ್ಕೆ ಮೆಂಬರ್ ಅಲ್ಲ. ಕೆಲವು ಕ್ಲಬ್‌ಗಳು ಬುಕ್ ಮಾಡಿದ ದಿನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಕೆಲವು ಚೆಕ್-ಇನ್ ವೇಳೆಗೆ ಚಾಲ್ತಿಯಲ್ಲಿರುವ ಕಾರ್ಡ್ ತೋರಿಸಿ ಅನ್ನುತ್ತವೆ. ತೋರಿಸದಿದ್ದರೆ ಅವತ್ತಿನ ಸಾಮಾನ್ಯ ದರ ಹಾಕುತ್ತೇವೆ ಅಂತ ನಿಯಮದಲ್ಲಿ ಇರುತ್ತದೆ. ರಾತ್ರಿ ರೈಲಿಗೆ ಹೊರಟು ಬೆಳಿಗ್ಗೆ ಲಗೇಜು ಹಿಡಿದು ರಿಸೆಪ್ಷನ್ ಮುಂದೆ ನಿಂತಾಗ ಈ ಚರ್ಚೆ ಮಾಡಬಾರದು. ಬುಕಿಂಗ್ ಸಂಖ್ಯೆ ಹಾಕಿ ಹೋಟೆಲ್ಲಿಗೆ ಮೊದಲೇ ಇಮೇಲ್ ಮಾಡಿ: "ಈ ದರ ಹಾಗೇ ಇರುತ್ತದೆಯೇ? ಇದರ ಜೊತೆಗಿದ್ದ ತಿಂಡಿ ಇರುತ್ತದೆಯೇ?" ದರ ಉಳಿದು ತಿಂಡಿ ಹೋಗುವುದೂ ಉಂಟು.

ಪಾಯಿಂಟ್‌ಗಳು ಸಾಮಾನ್ಯವಾಗಿ ಉಳಿಯುತ್ತವೆ. ಮ್ಯಾರಿಯಟ್ ಗುಂಪನ್ನೇ ನೋಡಿ. ಕ್ಲಬ್ ಮ್ಯಾರಿಯಟ್ ಅನ್ನುವುದು ದುಡ್ಡು ಕೊಟ್ಟು ಸೇರುವ ಕಾರ್ಡು. ಮ್ಯಾರಿಯಟ್ ಬಾನ್ವಾಯ್ ಅನ್ನುವುದು ಉಚಿತ ಪಾಯಿಂಟ್ ಖಾತೆ. ಮೊದಲನೆಯದನ್ನು ಬಿಟ್ಟರೂ ಎರಡನೆಯದರ ಪಾಯಿಂಟ್ ಎಲ್ಲೂ ಹೋಗುವುದಿಲ್ಲ. ಆದರೆ ಬಾನ್ವಾಯ್ ಖಾತೆಯಲ್ಲಿ 24 ತಿಂಗಳು ಯಾವ ಚಟುವಟಿಕೆಯೂ ಇಲ್ಲದಿದ್ದರೆ ಪಾಯಿಂಟ್ ರದ್ದಾಗುತ್ತದೆ. ಕಾರ್ಡ್ ಇದ್ದಾಗ ಆಗಾಗ ಹೋಗಿ ಬರುತ್ತಿದ್ದಿರಿ, ಖಾತೆ ಅಲ್ಲಾಡುತ್ತಿತ್ತು. ಕಾರ್ಡ್ ಬಿಟ್ಟ ಮೇಲೆ ಆ ಕಡೆ ತಲೆ ಹಾಕುವುದಿಲ್ಲ, ಎರಡು ವರ್ಷದ ನಂತರ ನೋಡಿದರೆ ಸೊನ್ನೆ.

ಇದಕ್ಕಿಂತ ಸೂಕ್ಷ್ಮವಾದದ್ದು ದರ್ಜೆಯ ಜೊತೆ ಕಟ್ಟಿದ ಪಾಯಿಂಟು. ಇಂಟರ್‌ಕಾಂಟಿನೆಂಟಲ್ ಅಂಬಾಸಿಡರ್ ಅನ್ನುವ ವಾರ್ಷಿಕ ಮೆಂಬರ್‌ಶಿಪ್ ತೆಗೆದುಕೊಂಡರೆ ಐಎಚ್‌ಜಿ ಗುಂಪಿನ ಪ್ಲಾಟಿನಂ ದರ್ಜೆ ಜೊತೆಗೇ ಬರುತ್ತದೆ. ಆ ಗುಂಪಿನಲ್ಲಿ ಮೇಲಿನ ದರ್ಜೆಯವರ ಪಾಯಿಂಟ್‌ಗೆ ಕೊನೆಯ ದಿನ ಇಲ್ಲ. ಕೆಳಗಿನ ಸಾಮಾನ್ಯ ದರ್ಜೆಯವರ ಪಾಯಿಂಟ್ ಮಾತ್ರ 12 ತಿಂಗಳು ಚಟುವಟಿಕೆ ಇಲ್ಲದಿದ್ದರೆ ಹೋಗುತ್ತದೆ. ಮೆಂಬರ್‌ಶಿಪ್ ಬಿಟ್ಟು ದರ್ಜೆ ಇಳಿದ ಮೇಲೆ, ಅಲ್ಲಿಯವರೆಗೆ ಇಲ್ಲದಿದ್ದ ಒಂದು ಗಡುವು ನಿಮ್ಮ ಹಳೇ ಪಾಯಿಂಟಿಗೂ ಬಂದು ಕೂರುತ್ತದೆ. ಅವಧಿ ಮುಗಿದ ದಿನ ಪಾಯಿಂಟ್ ಲೆಕ್ಕ ಸರಿಯಾಗೇ ಕಾಣಿಸುವುದರಿಂದ ಇದು ಯಾರ ಗಮನಕ್ಕೂ ಬರುವುದಿಲ್ಲ. ಯಾವುದೇ ಗುಂಪಾದರೂ ಸರಿ, ಎರಡು ಪ್ರಶ್ನೆ ಕೇಳಿಕೊಳ್ಳಿ: ನನ್ನ ಪಾಯಿಂಟ್ ಯಾವ ದರ್ಜೆಯ ಮೇಲೆ ನಿಂತಿದೆ, ಆ ದರ್ಜೆ ದುಡ್ಡಿನಿಂದ ಬಂದದ್ದೋ ಉಳಿದ ರಾತ್ರಿಗಳಿಂದ ಬಂದದ್ದೋ?

ತೀರ್ಥಹಳ್ಳಿಯ ಒಂದು ಲೆಕ್ಕ

ತೀರ್ಥಹಳ್ಳಿ ಹತ್ತಿರದ ನಮ್ಮ ಅಕ್ಕ-ಭಾವ ಹೋದ ವರ್ಷ ಕೂತು ಮಾಡಿದ ಲೆಕ್ಕ ಇದು. ಹೋಟೆಲ್ ಹೆಸರು ಬೇಡ. ಮಗಳು ಬೆಂಗಳೂರಿನಲ್ಲಿ ಇದ್ದಾಳೆ ಅಂತ ಅಲ್ಲಿನ ಒಂದು ಹೋಟೆಲ್ ಮೆಂಬರ್‌ಶಿಪ್ ತೆಗೆದುಕೊಂಡಿದ್ದರು. ಶುಲ್ಕ 11,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ 1,980. ಒಟ್ಟು 12,980. ಫೋನಿನಲ್ಲಿ ಹೇಳುವವರು ಜಿಎಸ್‌ಟಿ ಸೇರಿಸದೆ ಹೇಳುತ್ತಾರೆ, ಲೆಕ್ಕ ಮಾತ್ರ ಸೇರಿಸಿಯೇ ಹಾಕಬೇಕು. ಸಿಕ್ಕಿದ್ದು ಎರಡು ಫ್ರೀ ರಾತ್ರಿ, ಊಟಕ್ಕೆ ಶೇ 20, ರೂಮಿಗೆ ಶೇ 10 ಕಡಿತ, ಒಂದು ಕೇಕು. ಅವಧಿ ನವೆಂಬರ್ 14ಕ್ಕೆ ಮುಗಿಯುತ್ತಿತ್ತು.

ಭಾವ ಮೊದಲು ಹಾಕಿದ ಲೆಕ್ಕದಲ್ಲಿ ಒಂದು ಫ್ರೀ ರಾತ್ರಿಗೇ 9,000 ಉಳಿತಾಯ ಅಂತ ಇತ್ತು. ಅದು ಆ ಹೋಟೆಲ್ಲಿನ ದರ. ಅಕ್ಕ ಬಿಡಲಿಲ್ಲ. "ಒಂಬತ್ತು ಸಾವಿರ ಉಳೀತು ಅಂತೀರಲ್ಲ, ಒಂಬತ್ತು ಸಾವಿರದ ರೂಮಿಗೆ ನಾವು ಯಾವತ್ತಾದ್ರೂ ಕೈಯಿಂದ ಕೊಟ್ಟು ಹೋಗ್ತಿದ್ವಾ?"

ಸರಿಯಾದ ಪ್ರಶ್ನೆ. ಕಾರ್ಡ್ ಇಲ್ಲದಿದ್ದರೆ ಅವರು 4,000ದ ಒಂದು ಒಳ್ಳೆ ಲಾಡ್ಜಿನಲ್ಲಿ ಉಳಿಯುತ್ತಿದ್ದರು. ಹಾಗಾಗಿ ಉಳಿದದ್ದು 4,000. ಮಗಳ ಜೊತೆ ಎರಡು ಸಲ ಊಟಕ್ಕೆ ಹೋಗಿದ್ದರು, ಸಲಕ್ಕೆ ಸುಮಾರು 6,000 ಬಿಲ್. ಶೇ 20ರಂತೆ 2,400 ಉಳಿತು. (ಕಾರ್ಡ್ ಇರದಿದ್ದರೆ ಅಲ್ಲಿಗೆ ಊಟಕ್ಕೆ ಹೋಗುತ್ತಿದ್ದರೋ ಇಲ್ಲವೋ ಅದು ಬೇರೆ ಮಾತು. ಅಷ್ಟು ಕಠಿಣ ಆಗುವುದು ಬೇಡ ಅಂತ ಬಿಟ್ಟೆವು.) ಕೇಕಿಗೆ ಸೊನ್ನೆ. ಅಲ್ಲಿಗೆ 6,400. ಉಳಿದ ಇನ್ನೊಂದು ಫ್ರೀ ರಾತ್ರಿ ಬಳಸಿದರೂ 10,400. ಕೊಟ್ಟಿದ್ದು 12,980.

ಮುಂದಿನ ವರ್ಷದ ಪಟ್ಟಿ ತರಿಸಿ ನೋಡಿದಾಗ ಮಾತು ಅಲ್ಲೇ ಮುಗಿಯಿತು. ನವೀಕರಣ ಮಾಡಿದವರಿಗೆ ಒಂದೇ ಫ್ರೀ ರಾತ್ರಿ. ಎರಡು ರಾತ್ರಿ ಇದ್ದದ್ದು ಹೊಸದಾಗಿ ಸೇರುವವರಿಗೆ ಮಾತ್ರ. ಹಿಂದಿನ ವರ್ಷ ಸಿಕ್ಕಿದ್ದನ್ನು ನೋಡಿ ನವೀಕರಣ ಮಾಡುವವರು ಇದನ್ನು ಗಮನಿಸುವುದೇ ಇಲ್ಲ. ಮುಂದಿನ ವರ್ಷದ ಸೌಲಭ್ಯದ ಪಟ್ಟಿಯನ್ನು ಬರಹದಲ್ಲಿ ಕೇಳಿ ತರಿಸಿಕೊಳ್ಳದೆ ಹೂಂ ಅನ್ನಬೇಡಿ.

ಬಿಡುವುದು ಅಂತ ಆಯಿತು. ಆದರೆ ಎರಡು ತೊಡಕು ಇತ್ತು. ಒಂದು, ಬಳಸದ ಫ್ರೀ ರಾತ್ರಿ. ಅದಕ್ಕೆ ಕೊಯ್ಲು ಶುರುವಾಗುವ ಮುಂಚೆ, ದಸರಾ ರಜೆ ಕಳೆದ ಮೇಲೆ ಮಧ್ಯದ ಒಂದು ವಾರ ಹುಡುಕಿದರು. ಶನಿವಾರ-ಭಾನುವಾರ ಸಿಗಲಿಲ್ಲ, ಮಂಗಳವಾರ ಸಿಕ್ಕಿತು. ಎರಡು, ಡಿಸೆಂಬರ್‌ನಲ್ಲಿ ಒಂದು ಮದುವೆಗೆ ಅಂತ ಎರಡು ರಾತ್ರಿ ಮೆಂಬರ್ ದರದಲ್ಲಿ ಬುಕ್ ಆಗಿತ್ತು. 9,000ದ ರೂಮು 8,100ಕ್ಕೆ. ಅವಧಿ ನವೆಂಬರ್‌ಗೇ ಮುಗಿಯುವುದರಿಂದ ಅದು ಹೋದರೆ ಎರಡು ರಾತ್ರಿಗೆ 1,800 ನಷ್ಟ. "ಡಿಸೆಂಬರ್ ಬುಕಿಂಗ್ ಇದೆಯಲ್ಲ, ಅದಕ್ಕಾದರೂ ರಿನ್ಯೂ ಮಾಡೋಣ" ಅನ್ನುವ ಯೋಚನೆ ಸಹಜವಾಗಿ ಬರುತ್ತದೆ. 1,800 ಉಳಿಸಲು 12,980 ಕೊಡುವುದು ಅದು. ಹೋಟೆಲ್ಲಿಗೆ ಇಮೇಲ್ ಮಾಡಿದರು. ದರ ಹಾಗೇ ಇರುತ್ತದೆ, ಊಟದ ರಿಯಾಯಿತಿ ಇರುವುದಿಲ್ಲ ಅಂತ ಉತ್ತರ ಬಂತು. ಆ ಉತ್ತರದ ಪ್ರಿಂಟ್ ತೆಗೆದುಕೊಂಡೇ ಹೋದರು.

ಅವಧಿ ಮುಗಿಯುವ ಹೊತ್ತಿಗೆ ಫೋನ್ ಬಂದೇ ಬರುತ್ತದೆ. "ಇವತ್ತೇ ರಿನ್ಯೂ ಮಾಡಿದ್ರೆ ಎರಡು ತಿಂಗಳು ಎಕ್ಸ್‌ಟ್ರಾ ಸರ್." ಹಾಗೆ ಹೇಳಿದ ಎಕ್ಸ್‌ಟ್ರಾ ಆಮೇಲೆ ಕಾರ್ಡಿನಲ್ಲಿ ಕಾಣದೆ ಹೋದರೆ ಕೇಳಲು ದಾಖಲೆ ಇರುವುದಿಲ್ಲ. ನಿಜಕ್ಕೂ ಆಸೆ ಇದ್ದರೆ "ಇಮೇಲಿನಲ್ಲಿ ಕಳಿಸಿ, ನೋಡಿ ಹೇಳ್ತೀನಿ" ಅನ್ನಿ. ಬಿಟ್ಟು ಕೆಲವು ತಿಂಗಳಾದ ಮೇಲೆ ಹೊಸಬರ ಪ್ಯಾಕೇಜಿನಲ್ಲೇ ಸೇರಲು ಆಗುತ್ತದಾ ಅಂತಲೂ ಕೇಳಿ. ಕೆಲವು ಕಡೆ ಆಗುತ್ತದೆ. ಹಾಗಿದ್ದಲ್ಲಿ ಬಿಡುವುದರಿಂದ ಲಾಭವೇ.

ಬ್ಯಾಂಕಿನ ಕಡೆಯ ಕೆಲಸ

ಹೋಟೆಲ್ಲಿಗೆ ಹೇಳಿದ್ದಾಯಿತು. ಈಗ ಕಾರ್ಡಿನ ಕಡೆಯ ಬಾಗಿಲನ್ನೂ ಮುಚ್ಚಬೇಕು. ಮೊದಲ ಸಲ ದುಡ್ಡು ಕಟ್ಟಿದಾಗಲೇ ಮುಂದಿನ ವರ್ಷಗಳಿಗೂ ತೆಗೆಯಲು ಒಪ್ಪಿಗೆ ಕೊಟ್ಟಿರುತ್ತೇವೆ. ಇದಕ್ಕೆ ಇ-ಮ್ಯಾಂಡೇಟ್ ಅನ್ನುತ್ತಾರೆ. ಎಕ್ಸಿಕ್ಯುಟಿವ್ ಕಳಿಸಿದ ಲಿಂಕ್ ಒತ್ತಿ ಓಟಿಪಿ ಹಾಕಿದವರಿಗೆ ಅದು ಗೊತ್ತೇ ಆಗಿರುವುದಿಲ್ಲ.

2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಹೀಗಿದೆ. ಹೀಗೆ ತಾನಾಗಿ ದುಡ್ಡು ಕಟ್ ಆಗುವ 24 ಗಂಟೆಗೂ ಮೊದಲು ಬ್ಯಾಂಕಿನಿಂದ ನಿಮಗೆ ಸಂದೇಶ ಬರಬೇಕು. ಯಾರಿಗೆ, ಎಷ್ಟು, ಯಾವಾಗ, ಯಾತಕ್ಕೆ ಅನ್ನುವುದು ಅದರಲ್ಲಿರಬೇಕು. ಈ ಸಲದ ಪಾವತಿ ಬೇಡ ಅಂತ ಹೇಳಲು, ಅಥವಾ ಮ್ಯಾಂಡೇಟನ್ನೇ ರದ್ದು ಮಾಡಲು ದಾರಿ ಇರಬೇಕು. ಓಟಿಪಿ ಕೇಳದೆ ಹೀಗೆ ತೆಗೆಯಲು ಸಾಮಾನ್ಯ ಮಿತಿ 2022ರ ಜೂನ್‌ನಿಂದ 15,000 ರೂಪಾಯಿ. ಅದಕ್ಕಿಂತ ಜಾಸ್ತಿ ಆದರೆ ನಿಮ್ಮ ಓಟಿಪಿ ಬೇಕೇ ಬೇಕು.

ಈ ಮಿತಿಯನ್ನು ಮೆಂಬರ್‌ಶಿಪ್ಪಿಗೆ ಹೊಂದಿಸಿ ನೋಡಿ. ಶೇ 18 ಜಿಎಸ್‌ಟಿ ಸೇರಿಸಿದರೆ, ಸುಮಾರು 12,700 ರೂಪಾಯಿವರೆಗಿನ ಶುಲ್ಕ 15,000ದ ಒಳಗೇ ಬರುತ್ತದೆ. ಅಂದರೆ ನಿಮ್ಮನ್ನು ಕೇಳದೆಯೇ ಕಟ್ ಆಗಬಹುದು. ಅಕ್ಕನ ಮನೆಯ 12,980 ಹಾಗೇ ಹೋಗುತ್ತಿತ್ತು. ಶುಲ್ಕ 16,000 ಆಗಿದ್ದರೆ ಜಿಎಸ್‌ಟಿ ಸೇರಿ 18,880, ಆಗ ಓಟಿಪಿ ಹಾಕದೆ ನವೀಕರಣ ಆಗುವುದಿಲ್ಲ. ದುಬಾರಿ ಮೆಂಬರ್‌ಶಿಪ್‌ಗಿಂತ ಅಗ್ಗದ ಮೆಂಬರ್‌ಶಿಪ್ಪೇ ಹೆಚ್ಚು ಸಲ ಗೊತ್ತಿಲ್ಲದೆ ನವೀಕರಣ ಆಗುವುದು ಇದಕ್ಕೇ.

ಹೊಸನಗರ, ಆಗುಂಬೆ ಕಡೆಯವರು ಆ 24 ಗಂಟೆಯನ್ನು ನಂಬಿ ಕೂರಬಾರದು. ಮಳೆಗಾಲದಲ್ಲಿ ಕರೆಂಟು ಹೋಗಿ ಟವರ್ ಸತ್ತರೆ ಸೋಮವಾರದ ಸಂದೇಶ ಗುರುವಾರ ಬರುತ್ತದೆ. ಸಂದೇಶಕ್ಕೆ ಕಾಯದೆ ಮೊದಲೇ ಮ್ಯಾಂಡೇಟ್ ರದ್ದು ಮಾಡಿ. ಬ್ಯಾಂಕಿನ ಆ್ಯಪ್ ಅಥವಾ ನೆಟ್ ಬ್ಯಾಂಕಿಂಗ್‌ನಲ್ಲಿ ಕಾರ್ಡಿನ ವಿಭಾಗಕ್ಕೆ ಹೋಗಿ ಇ-ಮ್ಯಾಂಡೇಟ್ ಅಥವಾ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಪಟ್ಟಿ ತೆರೆಯಿರಿ. ಕೆಲವು ಬ್ಯಾಂಕುಗಳು ಅಲ್ಲಿಂದ SI Hub ಅನ್ನುವ ಪುಟಕ್ಕೆ ಕಳಿಸುತ್ತವೆ, ಹೆದರಬೇಡಿ. ಆದರೆ ಬ್ಯಾಂಕಿನ ಆ್ಯಪ್ ಮೂಲಕವೇ ಅಲ್ಲಿಗೆ ಹೋಗಿ, ಯಾರೋ ಕಳಿಸಿದ ಲಿಂಕಿನಿಂದ ಅಲ್ಲ. ರದ್ದು ಮಾಡಲೂ ಓಟಿಪಿ ಬೇಕು, ಹಾಗಾಗಿ ನೆಟ್‌ವರ್ಕ್ ಇರುವಲ್ಲಿ ಕೂತು ಮಾಡಿ. ಪೇಟೆಗೆ ಬಂದ ದಿನ ಮಾಡಿದರೂ ಆಯಿತು. ಯುಪಿಐ ಮೂಲಕ ಕಟ್ಟಿದ್ದರೆ ಅದೇ ಯುಪಿಐ ಆ್ಯಪಿನಲ್ಲಿ ಆಟೋಪೇ ಪಟ್ಟಿ ಇರುತ್ತದೆ, ಅಲ್ಲಿ ಪಿನ್ ಹಾಕಿ ರದ್ದು ಮಾಡಬೇಕು.

ಹೊರದೇಶದ ಕಂಪನಿಗಳ ವಿಷಯದಲ್ಲಿ ಇದರ ಉಲ್ಟಾ ತೊಂದರೆ. ಈ ಇ-ಮ್ಯಾಂಡೇಟ್ ವ್ಯವಸ್ಥೆಗೆ ಸೇರದ ಕಂಪನಿ ದುಡ್ಡು ತೆಗೆಯಲು ಹೋದರೆ ನಮ್ಮ ಬ್ಯಾಂಕು ಕೊಡುವುದಿಲ್ಲ. ಮೆಂಬರ್‌ಶಿಪ್ ಸದ್ದಿಲ್ಲದೆ ಮುಗಿದುಹೋಗುತ್ತದೆ. ಏರ್‌ಪೋರ್ಟ್ ಲೌಂಜ್ ಕಾರ್ಡ್ ಇಟ್ಟುಕೊಂಡವರಿಗೆ ಅದು ಗೊತ್ತಾಗುವುದು ಲೌಂಜಿನ ಬಾಗಿಲಲ್ಲಿ. ಬೇಕು ಅನ್ನುವ ಮೆಂಬರ್‌ಶಿಪ್ ಇದ್ದರೆ ನವೀಕರಣದ ವಾರ ನೀವೇ ಹೋಗಿ ಕಟ್ಟಿ.

ರಜಾ ಕ್ಲಬ್ ಆದರೆ ಈ ದಾರಿ ಹಿಡಿಯಬೇಡಿ

ಮೇಲೆ ಹೇಳಿದ್ದೆಲ್ಲ ಒಂದೊಂದು ವರ್ಷದ ಮೆಂಬರ್‌ಶಿಪ್ಪಿಗೆ. ಪೆಟ್ರೋಲ್ ಬಂಕಿನಲ್ಲಿ ಚೀಟಿ ಬರೆಸಿಕೊಂಡು, "ಲಕ್ಕಿ ಡ್ರಾ ಬಂದಿದೆ, ಗಂಡ-ಹೆಂಡತಿ ಇಬ್ಬರೂ ಬನ್ನಿ" ಅಂತ ಹೋಟೆಲ್ ಹಾಲಿಗೆ ಕರೆಸಿ ಮಾರುವ ಹತ್ತು-ಇಪ್ಪತ್ತೈದು ವರ್ಷದ ರಜಾ ಕ್ಲಬ್ ಬೇರೆಯೇ ಜಾತಿ. ಅದರಲ್ಲಿ ಸೇರುವಾಗ ಒಂದು ದೊಡ್ಡ ಮೊತ್ತ, ಆಮೇಲೆ ಪ್ರತಿ ವರ್ಷ ನಿರ್ವಹಣಾ ಶುಲ್ಕ. ಈ ವಾರ್ಷಿಕ ಶುಲ್ಕ ನವೀಕರಣದ ಶುಲ್ಕ ಅಲ್ಲ, ನೀವು ಕಟ್ಟುತ್ತೇನೆ ಅಂತ ಸಹಿ ಹಾಕಿದ ಬಾಕಿ.

ಹಾಗಾಗಿ ಇಲ್ಲಿ ಬರೀ ಮ್ಯಾಂಡೇಟ್ ರದ್ದು ಮಾಡಿದರೆ ಮೆಂಬರ್‌ಶಿಪ್ ಮುಗಿಯುವುದಿಲ್ಲ. ರೂಮ್ ಬುಕ್ ಮಾಡುವ ಅವಕಾಶ ನಿಲ್ಲುತ್ತದೆ, ಕೂಡಿಟ್ಟ ರಜಾ ದಿನಗಳು ಕೈಬಿಡಬಹುದು, ಬಾಕಿ ಮತ್ತು ಬಡ್ಡಿ ಮಾತ್ರ ಬೆಳೆಯುತ್ತದೆ. ಸೇರುವ ಮೊತ್ತಕ್ಕೆ ಇಎಂಐ ಮಾಡಿಸಿದ್ದರೆ ಅದು ಬಹಳ ಸಲ ಬೇರೆ ಹಣಕಾಸು ಕಂಪನಿಯ ಸಾಲ. ಕ್ಲಬ್ ಬಿಟ್ಟರೂ ಸಾಲ ಬಿಡುವುದಿಲ್ಲ, ನಿಲ್ಲಿಸಿದರೆ ಸಿಬಿಲ್ ಸ್ಕೋರ್ ಬೀಳುತ್ತದೆ.

ಸಹಿ ಹಾಕಿ ಕೆಲವೇ ದಿನ ಆಗಿದ್ದರೆ ಒಪ್ಪಂದದಲ್ಲಿ ವಾಪಸ್ ಪಡೆಯುವ ಅವಧಿ ಇದೆಯಾ ಅಂತ ಇವತ್ತೇ ನೋಡಿ. ಇದ್ದರೆ ಆ ದಿನಗಳೊಳಗೆ ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಪತ್ರ ಹೋಗಬೇಕು. ಅವಧಿ ದಾಟಿದ್ದರೆ ರದ್ದತಿಯ ಷರತ್ತು ಓದಿ. ಎಷ್ಟು ವರ್ಷ ಕಳೆದಿದೆ, ಎಷ್ಟು ರಜೆ ಬಳಸಿದ್ದೀರಿ ಅನ್ನುವುದರ ಮೇಲೆ ಕಡಿತ ಇರುತ್ತದೆ. ಲಿಖಿತವಾಗಿ ರದ್ದತಿ ಕೇಳಿ, ಲೆಕ್ಕ ತರಿಸಿಕೊಂಡು, ಆಮೇಲೆ ಪಾವತಿ ನಿಲ್ಲಿಸಿ. ಮೊದಲು ನಿಲ್ಲಿಸಿ ಆಮೇಲೆ ಕೇಳುವುದು ತಪ್ಪು ಕ್ರಮ.

ಆದರೂ ದುಡ್ಡು ಕಟ್ ಆದರೆ

ಬೇಡ ಅಂದ ಮೇಲೂ ನವೀಕರಣ ಆಗಿಬಿಟ್ಟರೆ ಮೊದಲ ಕೆಲಸ, ಹೊಸ ವರ್ಷದ ಯಾವ ವೋಚರನ್ನೂ ಮುಟ್ಟಬೇಡಿ. "ಹೇಗೂ ಕಟ್ ಆಗಿದೆ, ಒಂದು ಊಟ ಮಾಡಿ ಬರೋಣ" ಅಂತ ಕಾರ್ಡ್ ತೋರಿಸಿದರೆ ನವೀಕರಣ ಒಪ್ಪಿಕೊಂಡ ಹಾಗೇ. ಅವತ್ತೇ ಇಮೇಲ್ ಮಾಡಿ, ಮುಂಚೆ ಕಳಿಸಿದ್ದ ಇಮೇಲ್ ಮತ್ತು ಸ್ಕ್ರೀನ್‌ಶಾಟ್ ಲಗತ್ತಿಸಿ ರೀಫಂಡ್ ಕೇಳಿ.

24 ಗಂಟೆ ಮುಂಚಿನ ಸಂದೇಶವನ್ನು ಬ್ಯಾಂಕು ಕಳಿಸಿಯೇ ಇಲ್ಲ, ಅಥವಾ ರದ್ದು ಮಾಡಿದ ಮ್ಯಾಂಡೇಟಿನಿಂದಲೇ ದುಡ್ಡು ಹೋಗಿದೆ ಅಂದರೆ ದೂರು ಬ್ಯಾಂಕಿನ ಮೇಲೆ. ಮೊದಲು ಬ್ಯಾಂಕಿಗೇ ಲಿಖಿತ ದೂರು. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ cms.rbi.org.in ಪುಟದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ.

ಹೋಟೆಲ್ ಅಥವಾ ಕ್ಲಬ್ಬಿನ ತಪ್ಪಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಸೇರುವುದು ಸುಲಭ, ಬಿಡುವುದು ಕಷ್ಟ ಆಗುವ ಹಾಗೆ ಆ್ಯಪ್ ಮಾಡಿಟ್ಟಿದ್ದರೆ ಅದನ್ನೂ ಹೇಳಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ನಿಷೇಧಿಸಿದ 13 ಬಗೆಯ ಮೋಸದ ವಿನ್ಯಾಸಗಳಲ್ಲಿ ಈ ಚಂದಾ ಬಲೆಯೂ ಒಂದು.

ಅಲ್ಲೂ ಆಗದಿದ್ದರೆ ಗ್ರಾಹಕ ಆಯೋಗ. ಒಪ್ಪಂದದಲ್ಲಿ "ವ್ಯಾಜ್ಯ ಏನಿದ್ದರೂ ಮುಂಬೈನಲ್ಲಿ ಮಾತ್ರ" ಅಂತ ಅಚ್ಚಾಗಿರುತ್ತದೆ, ಅದನ್ನು ನೋಡಿ ಜನ ಕೈಬಿಡುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೂರುದಾರ ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಶಿವಮೊಗ್ಗದ ಜಿಲ್ಲಾ ಆಯೋಗದಲ್ಲೇ. ಕೊಟ್ಟ ಮೊತ್ತ 5 ಲಕ್ಷ ರೂಪಾಯಿವರೆಗೆ ಇದ್ದರೆ ದೂರಿನ ಶುಲ್ಕವೂ ಇಲ್ಲ. ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಸೇರಿದ ರಸೀದಿ, ಸೌಲಭ್ಯದ ಪಟ್ಟಿ, ನವೀಕರಣ ಬೇಡ ಅಂತ ಬರೆದ ಇಮೇಲ್, ದುಡ್ಡು ಕಟ್ ಆದ ದಿನದ ಬ್ಯಾಂಕ್ ಸ್ಟೇಟ್‌ಮೆಂಟ್, ಈ ನಾಲ್ಕು ಕಾಗದ ಜೋಡಿಸಿಟ್ಟುಕೊಂಡು ಹೋಗಿ.